ಚಪ್ಪಾಳೆ ಇರಲಿ, ಬಾಗಿಲು ಹಾಕಿ

ನಾನಿರುವುದು ಮ್ಯೂನಿಕ್‌ನಲ್ಲಿ, ಊರು ಶಿವಮೊಗ್ಗ. ರಾಮನವಮಿ ಸಂಗೀತ ಕಚೇರಿಗಳ ಹೊತ್ತಿಗೆ ರಜೆ ಹೊಂದಿಸಿಕೊಂಡು ಬಂದಾಗಲೆಲ್ಲ ಗೆಳೆಯರು ಇದೇ ಮಾತು ತೆಗೆಯುತ್ತಾರೆ: "ಅಲ್ಲಿ ಕಛೇರೀಲಿ ಕೆಮ್ಮೋಕೂ ಹೆದರ್ತಾರಂತಲ್ಲ ಮಾರಾಯ, ನಮ್ಮೋರಿಗೆ ಆ ಶಿಸ್ತು ಯಾವಾಗ ಬರುತ್ತೋ?" ನನ್ನನ್ನು ಕೇಳಿದರೆ, ಚಪ್ಪಾಳೆಯ ಮಟ್ಟಿಗೆ ಆ ಶಿಸ್ತು ನಮಗೆ ಬೇಡ. ಬಾಗಿಲಿನ ಮಟ್ಟಿಗೆ ಬೇಕೇ ಬೇಕು.

ಅಲ್ಲಿ ಒಂದು ಸಿಂಫನಿಗೆ ಸಾಮಾನ್ಯವಾಗಿ ನಾಲ್ಕು ಭಾಗ. ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವ ನಡುವೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಚೈಕೋವ್‌ಸ್ಕಿಯ ಆರನೆಯ ಸಿಂಫನಿಯ ಮೂರನೆಯ ಭಾಗ ಎಷ್ಟು ಅಬ್ಬರದಿಂದ ಮುಗಿಯುತ್ತದೆ ಎಂದರೆ, ಹೊಸಬರು ಎಲ್ಲ ಮುಗಿಯಿತೆಂದು ತಟ್ಟಿಯೇ ಬಿಡುತ್ತಾರೆ; ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ. ಆದರೆ ಈ ಮೌನವೇನೂ ಅವರಿಗೆ ಅನಾದಿಯಿಂದ ಬಂದದ್ದಲ್ಲ. 1778ರಲ್ಲಿ ಪ್ಯಾರಿಸ್‌ನಿಂದ ಅಪ್ಪನಿಗೆ ಬರೆದ ಪತ್ರದಲ್ಲಿ ಮೊಜಾರ್ಟ್, ತನ್ನ ಸಿಂಫನಿಯ ಮೊದಲ ಭಾಗದ ನಡುವೆಯೇ ಜನ ಚಪ್ಪಾಳೆ ತಟ್ಟಿದ್ದನ್ನು ಖುಷಿಯಿಂದ ಹೇಳಿಕೊಂಡಿದ್ದಾನೆ. ಆ ಜಾಗ ಜನರಿಗೆ ಹಿಡಿಸುತ್ತದೆಂದು ಅವನಿಗೆ ಮೊದಲೇ ಗೊತ್ತಿತ್ತು. ಅದಕ್ಕೇ ಕೊನೆಯಲ್ಲಿ ಅದನ್ನು ಮತ್ತೊಮ್ಮೆ ತಂದಿದ್ದ.

ನಮ್ಮ ಕಚೇರಿಯಲ್ಲಂತೂ ಅರ್ಧ ಸಂಗೀತ ಕೇಳುಗರ ಚಪ್ಪಾಳೆಯಲ್ಲೇ ಹುಟ್ಟುವುದು. ಗಾಯಕರು ಕಲ್ಯಾಣಿ ಆಲಾಪನೆ ಮುಗಿಸಿ ಷಡ್ಜಕ್ಕೆ ಬಂದು ನಿಂತಾಗ ಒಂದು ಚಪ್ಪಾಳೆ, ಪಿಟೀಲಿನವರು ಅದೇ ರಾಗವನ್ನು ತಮ್ಮ ದಾರಿಯಲ್ಲಿ ಮುಗಿಸಿದಾಗ ಇನ್ನೊಂದು. ಎರಡನೆಯದನ್ನು ತಟ್ಟದಿದ್ದರೆ ಪಕ್ಕವಾದ್ಯಕ್ಕೆ ಅವಮಾನ. ಸ್ವರಪ್ರಸ್ತಾರದಲ್ಲಿ ಒಂದು ಲೆಕ್ಕಾಚಾರ ಸರಿಯಾಗಿ ಬಂದು ಕೂತಾಗ "ಭೇಷ್" ಎಂದರೆ ಹಾಡುವವರ ಹುಮ್ಮಸ್ಸು ಏರುತ್ತದೆ. ಇದನ್ನೆಲ್ಲ ಬಾಯಿ ಕಟ್ಟಿ ಕೂರಿಸಿದರೆ ನಷ್ಟ ನಮಗೇ.

ನಾವು ಎಡವುವುದು ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನದಲ್ಲಿ. ಕೃತಿ ಆದಿತಾಳದಲ್ಲಿದೆ ಅಂದುಕೊಳ್ಳಿ. ಮೃದಂಗ, ಘಟ ಸರದಿಯಲ್ಲಿ ನುಡಿಸುತ್ತಾ ಹೋಗುತ್ತವೆ. ಕೊರಪಿಗೆ ಬಂದಾಗ ಸರದಿ ಗಿಡ್ಡವಾಗುತ್ತದೆ: ಇಬ್ಬರಿಗೂ ತಾಳದ ಎರಡೆರಡು ಆವರ್ತನ, ಆಮೇಲೆ ಒಂದೊಂದು, ಅರ್ಧ, ಕಾಲು. ಕೊನೆಗೆ ಇಬ್ಬರೂ ಒಟ್ಟಿಗೆ ಸೇರಿ ಜೋರಾಗಿ ನುಡಿಸುತ್ತಾರೆ. ನಮ್ಮ ಸಭೆಯಲ್ಲಿ ಚಪ್ಪಾಳೆ ಸಿಡಿಯುವುದು ಇಲ್ಲೇ, ಮುಗಿಯುವುದಕ್ಕೆ ಮೊದಲೇ. ಆ ಗದ್ದಲದಲ್ಲಿ ಮೋಹರ ಮುಚ್ಚಿಹೋಗುತ್ತದೆ. ಮುಕ್ತಾಯ ಬರುತ್ತಿದೆ ಎಂದು ತಾಳ ಹಾಕುತ್ತಿರುವ ಗಾಯಕರಿಗೂ ನಮಗೂ ಸೂಚನೆ ಕೊಡುವುದೇ ಮೋಹರ. ಅದಾದ ಮೇಲೆ ಒಂದೇ ಜತಿಗುಚ್ಛ ಮೂರು ಸಲ ಬರುತ್ತದೆ. ಮೂರನೆಯದು ಮುಗಿಯಬೇಕಾದ್ದು ಹಾಡಿನ ಸಾಲು ಶುರುವಾಗುವ ಎತ್ತುಗಡೆಗೆ ಸರಿಯಾಗಿ. ಎತ್ತುಗಡೆ ತಾಳದ ಮೊದಲ ಪೆಟ್ಟಾದ ಸಮದಿಂದ ಅರ್ಧ ಅಕ್ಷರ ಆಚೆಗಿದ್ದರೆ ಅಲ್ಲಿಗೇ. ಲೆಕ್ಕ ಗೊತ್ತಿಲ್ಲದವರೂ ಅದೇ ಗುಚ್ಛ ಮೂರು ಸಲ ಕಿವಿಗೆ ಬೀಳುವವರೆಗೆ ಕಾದರೆ ಸಾಕು. ಗಾಯಕರು ಸಾಲು ಹಿಡಿದರು ಅಂದಮೇಲೆ ಎಷ್ಟು ಬೇಕಾದರೂ ತಟ್ಟಿ.

ಇನ್ನು ತನಿ ಶುರುವಾದೊಡನೆ ಹಾಡು ನಿಂತಿತು ಎಂದು ಕಾಫಿಗೆ ಏಳುವವರಿದ್ದಾರೆ. ತೀರ್ಥಹಳ್ಳಿ ಕಡೆಯ ಕೊನೇ ಬಸ್ಸು ಹಿಡಿಯಬೇಕಾದವರ ಬಗ್ಗೆ ನನ್ನ ತಕರಾರಿಲ್ಲ, ಆದರೆ ಅವರೂ ತನಿಗೆ ಮೊದಲೇ ಎದ್ದರೆ ಒಳ್ಳೆಯದು. ಗಂಟೆಗಟ್ಟಲೆ ಹಾಡಿಗೆ ಒತ್ತಾಸೆಯಾಗಿ ನುಡಿಸಿದವರಿಗೆ ತಮ್ಮದೇ ಆದ ಹೊತ್ತು ಅದೊಂದೇ. ಆಗ ಎದುರಿಗೆ ಕಾಣುವುದು ಜನರ ಬೆನ್ನು.

ಮ್ಯೂನಿಕ್‌ನಲ್ಲಿ ತಡವಾಗಿ ಬಂದವನು ಎಷ್ಟು ದೊಡ್ಡವನಾದರೂ ಬಾಗಿಲ ಹೊರಗೆ ನಿಲ್ಲಬೇಕು. ಸೂಕ್ತ ವಿರಾಮ ಬಂದಾಗ ಸಿಬ್ಬಂದಿ ಒಳಗೆ ಬಿಡುತ್ತಾರೆ, ಅದೂ ಹಿಂದಿನ ಸಾಲಿಗೆ. ನಮ್ಮಲ್ಲಿ ಮೊದಲ ಸಾಲಿನ ಸೋಫಾಗಳು ಗಣ್ಯರಿಗೆ ಮೀಸಲು, ಗಣ್ಯರು ಬರುವುದೇ ತಡವಾಗಿ. ಆಲಾಪನೆ ಮಂದ್ರದಲ್ಲಿ ಇಳಿಯುತ್ತಿರುವಾಗ ಸಂಘಟಕರೇ ಅವರನ್ನು ನಡುದಾರಿಯಲ್ಲಿ ಕರೆತಂದು ಕೂರಿಸಿ, ನೀರಿನ ಬಾಟಲಿ ಕೈಗಿಟ್ಟು, ಕೃತಿ ಮುಗಿದದ್ದೇ ಶಾಲು ಹೊದಿಸಲು ವೇದಿಕೆಗೆ ಹತ್ತಿಸುತ್ತಾರೆ. ಕೇಳುಗರಿಗೆ ಶಿಸ್ತು ಹೇಳುವ ಮೊದಲು ಇದು ನಿಲ್ಲಬೇಕು. ಖರ್ಚೇನೂ ಇಲ್ಲ: ಬಾಗಿಲಲ್ಲಿ ಒಬ್ಬ ಸ್ವಯಂಸೇವಕ, ಒಂದು ಕೃತಿ ಮುಗಿದು ಇನ್ನೊಂದು ಶುರುವಾಗುವ ಮುನ್ನ ಮಾತ್ರ ಪ್ರವೇಶ, ಸನ್ಮಾನ ಕಚೇರಿ ಮುಗಿದ ಮೇಲೆ.

ಫೋನಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವೇದಿಕೆಯ ಮೇಲೂ ಈಗ ಎಷ್ಟೋ ಸಲ ತಂಬೂರಿ ಫೋನಿನಲ್ಲೇ ಮಿಡಿಯುತ್ತಿರುತ್ತದೆ. ಸೈಲೆಂಟ್ ಮಾಡಿದೆ ಎನ್ನುವವರು ವೈಬ್ರೇಟ್ ಹಾಗೇ ಬಿಟ್ಟಿರುತ್ತಾರೆ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅದು ಗುರ್ರೆಂದರೆ ನಾಲ್ಕು ಸಾಲಿಗೆ ಕೇಳುತ್ತದೆ. ಏರೋಪ್ಲೇನ್ ಮೋಡ್‌ಗೆ ಹಾಕಿಬಿಡಿ. ವಿಡಿಯೋ ಮಾಡಲೇಬೇಕೆಂದರೆ ಕಲಾವಿದರ ಒಪ್ಪಿಗೆ ಪಡೆದು, ಹಿಂದೆ ಗೋಡೆಯ ಪಕ್ಕ ನಿಂತು ಮಾಡಿ. ತಲೆಯ ಮೇಲೆ ಹೊಳೆಯುವ ಪರದೆ ಎತ್ತಿ ಹಿಡಿದರೆ ಹಿಂದಿನವರು ಕಚೇರಿ ನೋಡಬೇಕಾದ್ದು ಅದರಲ್ಲೇ. ಕರೆ ಬಂದಾಗ ಬಾಯಿಗೆ ಕೈ ಅಡ್ಡ ಇಟ್ಟು "ಕಛೇರೀಲಿದೀನಿ, ಆಮೇಲ್ ಮಾಡ್ತೀನಿ" ಎನ್ನುವವರಿಗೂ ಒಂದು ಮಾತು: ಅದು ಆ ಕಡೆಯವರಿಗಿಂತ ಮೊದಲು ನಮಗೆ ಕೇಳಿಸುತ್ತದೆ ಸ್ವಾಮಿ.