ಮೂರೋ, ಆರೋ?

ಬೆಂಗಳೂರಿನ ರೈಲು ನಿಲ್ದಾಣವೊಂದರ ಪ್ರಕಟಣೆಯು ಐದಂಕಿಯ ಗಾಡಿ ಸಂಖ್ಯೆಯಿಂದ ಆರಂಭವಾಗಿ, ಮೈಸೂರಿನ ಹೆಸರು ಕಿವಿಗೆ ಬಿದ್ದು ನಾವು ಮೊಬೈಲಿನಿಂದ ತಲೆಯೆತ್ತುವಷ್ಟರಲ್ಲಿ ‘ಮೂರರ ಬದಲು ಆರನೇ ಪ್ಲಾಟ್‌ಫಾರ್ಮಿಗೆ’ ಎಂದು ಒಂದೇ ಉಸಿರಿನಲ್ಲಿ ಮುಗಿದುಹೋಗುತ್ತದೆ. ತಗಡಿನ ಚಾವಣಿಯಡಿ ಸ್ವರಗಳ ಮಾರ್ದನಿಯು ನಂತರದ ವ್ಯಂಜನಗಳನ್ನು ನುಂಗಿಬಿಡುವುದರಿಂದ ಗಾಡಿ ಬರುವುದು ಮೂರಕ್ಕೋ ಆರಕ್ಕೋ ತಿಳಿಯುವುದೇ ಇಲ್ಲ. ಹಳೆಯ ಸಂಖ್ಯೆಯನ್ನು ಹೇಳುವ ಅಗತ್ಯವಾದರೂ ಏನಿತ್ತು? ‘ಮೈಸೂರಿಗೆ ಹೋಗುವವರು ಗಮನಿಸಿ’ ಎಂದು ಮೊದಲು ಕರೆದು, ತುಸು ತಡೆದು, ‘ಮೈಸೂರು ಗಾಡಿ ಆರನೇ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಐದಾದ ಮೇಲಿನ ಆರು’ ಎಂದು ಎರಡು ಸಲ ಹೇಳಿದರೆ ಅರ್ಧ ಕಿವಿಯಲ್ಲಿ ಕೇಳಿದವರಿಗೂ ವಿಷಯ ದಕ್ಕುತ್ತದೆ. ಅದರ ಬದಲು ಧ್ವನಿಯನ್ನಷ್ಟೇ ಏರಿಸುತ್ತಾರೆ, ಅದರೊಂದಿಗೆ ಮಾರ್ದನಿಯೂ ಏರುತ್ತದೆ. ಅನಾನುಕೂಲತೆಗೆ ವಿಷಾದಿಸುವ ಸಾಲು ಮಾತ್ರ, ಬಾಯಿಪಾಠವಾಗಿರುವುದರಿಂದಲೋ ಏನೋ, ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸುತ್ತದೆ.