ಸ್ಪಷ್ಟನೆ: ಗಣಿತದ 62 ಕಡಿಮೆ ಅಂಕವಲ್ಲ

"ಹುಡುಗಿಗೆ ಕನ್ನಡದಲ್ಲಿ 84, ಗಣಿತದಲ್ಲಿ ಬರೀ 62. ಗಣಿತದಲ್ಲಿ ಹಿಂದೆ ಬಿದ್ದಿದ್ದಾಳೆ, ಟ್ಯೂಷನ್‌ಗೆ ಹಾಕಿ." (ತೀರ್ಥಹಳ್ಳಿಯ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿರುವ ಮಾತು)

ಇದು ತಪ್ಪು. ಆ ತರಗತಿಯ ಸರಾಸರಿ ಕನ್ನಡದಲ್ಲಿ 72, ಗಣಿತದಲ್ಲಿ 50. ಎರಡರಲ್ಲೂ ಅವಳು 12 ಅಂಕ ಮುಂದಿದ್ದಾಳೆ. ಹಾಗಂತ ಎರಡೂ ಸಮ ಅಲ್ಲ. ಕನ್ನಡದಲ್ಲಿ ಅಂಕಗಳು ಜಾಸ್ತಿ ಚದುರಿವೆ, ಆ ಚದುರುವಿಕೆಯ ಅಳತೆಯಾದ ಮಾನಕ ವಿಚಲನೆ 12. ಗಣಿತದಲ್ಲಿ ಹೆಚ್ಚಿನವರು 50ರ ಆಸುಪಾಸಿನಲ್ಲೇ ಇದ್ದಾರೆ, ಅಲ್ಲಿ ಅದು 6. ಮುಂದಿರುವ 12 ಅಂಕವನ್ನು ಈ ವಿಚಲನೆಯಿಂದ ಭಾಗಿಸಿದರೆ ಸಿಗುವುದೇ ಝಡ್ ಸ್ಕೋರ್: ಕನ್ನಡಕ್ಕೆ 1, ಗಣಿತಕ್ಕೆ 2. ತನ್ನ ತರಗತಿಯಲ್ಲಿ ಅವಳು ಎದ್ದು ಕಾಣುವುದು ಗಣಿತದಲ್ಲೇ!

ಗೈರಾದವರ ಸೊನ್ನೆಗಳನ್ನು ಮಾತ್ರ ಲೆಕ್ಕಕ್ಕೆ ಸೇರಿಸಬೇಡಿ. ಸರಾಸರಿ ಇಳಿಯುತ್ತದೆ, ವಿಚಲನೆ ಸುಮ್ನೆ ಉಬ್ಬುತ್ತದೆ. ಇನ್ನು ಗಣಿತದ ಉಳಿದ 38 ಅಂಕ ಎಲ್ಲಿ ಹೋಯ್ತು ಅಂತ ಝಡ್ ಸ್ಕೋರ್ ಹೇಳುವುದಿಲ್ಲ, ಅದಕ್ಕೆ ಉತ್ತರಪತ್ರಿಕೆಯನ್ನೇ ತೆಗೆದು ನೋಡಬೇಕು.