ಒಂದು ಪಿಪಿಟಿ, ಮೂರು ಹೆಡ್ಡು

ಆ ಮೇಲ್ ನೋಡಿದಾಗ ಮೊದಲು ಸಿಟ್ಟೇ ಬಂತು. ಜರ್ಮನಿಗೆ ಬಂದ ಹೊಸತು. ಪಂಪುಗಳ ಬಗ್ಗೆ ಒಂದು ಸಭೆ. ನಾನು ಇಂಗ್ಲಿಷಿನಲ್ಲಿ ಮಾತಾಡುವುದು, ಬೂತಿನಲ್ಲಿ ಕೂತ ದುಭಾಷಿ ಅದನ್ನು ಜೊತೆಜೊತೆಗೇ ಜರ್ಮನ್‌ನಲ್ಲಿ ಹೇಳುವುದು. ಸಭೆಗೆ ಎರಡು ವಾರ ಮೊದಲೇ ಪಿಪಿಟಿ ಬೇಕು ಅಂದರು, ಕಳಿಸಿದೆ. ಎರಡು ದಿನಕ್ಕೆ ಆ ದುಭಾಷಿಯಿಂದ ಪ್ರಶ್ನೆ ಬಂತು: "6ನೇ ಸ್ಲೈಡಿನ ಹೆಡ್, 11ನೇ ಸ್ಲೈಡಿನ ಹೆಡ್, 17ನೇ ಸ್ಲೈಡಿನ ಹೆಡ್, ಮೂರೂ ಒಂದೇನಾ?"

ಇಷ್ಟೂ ಗೊತ್ತಾಗಲ್ವಾ ಅನ್ನಿಸಿತು. ಆಮೇಲೆ ಸ್ಲೈಡ್ ತೆಗೆದು ನೋಡಿದೆ. 6ರಲ್ಲಿ ಹೆಡ್ ಅಂದರೆ ಪಂಪು ನೀರನ್ನು ಎಷ್ಟು ಮೀಟರ್ ಮೇಲಕ್ಕೆ ತಳ್ಳಬಲ್ಲದು ಅನ್ನುವ ಲೆಕ್ಕ. 11ರಲ್ಲಿ ಅದು ಡೋಸಿಂಗ್ ಪಂಪಿನ ಮುಂಭಾಗ, ದ್ರವ ಹಾದುಹೋಗುವ ಭಾಗ. 17ರಲ್ಲಿ ನಮ್ಮ ಸರ್ವೀಸ್ ವಿಭಾಗದ ಮುಖ್ಯಸ್ಥರ ಫೋಟೊ, ಕೆಳಗೆ ಅವರ ಹುದ್ದೆ. ಜರ್ಮನ್‌ನಲ್ಲಿ ಈ ಮೂರಕ್ಕೂ ಮೂರು ಬೇರೆ ಪದ. ಬಾಯಿಗೆ ಬರಲು ಸಿಗುವುದು ಎರಡು ಮೂರು ಸೆಕೆಂಡು. ಅಷ್ಟರಲ್ಲಿ ಯೋಚಿಸುತ್ತಾ ಕೂರಲು ಆಗುತ್ತಾ?

ನನ್ನ ಪ್ರಕಾರ ದುಭಾಷಿಗೆ ಕೊಡುವ ಪದಪಟ್ಟಿಯ ಅರ್ಧ ಕೆಲಸ ಇದೇ. ಇಂಪೆಲ್ಲರ್, ಮೆಕ್ಯಾನಿಕಲ್ ಸೀಲ್ ಥರದ ದೊಡ್ಡ ಪದಗಳನ್ನು ಅವರೇ ಹುಡುಕಿಕೊಳ್ಳುತ್ತಾರೆ. ನೋಡಿದ ಕೂಡಲೇ ತಾಂತ್ರಿಕ ಅಂತ ಗೊತ್ತಾಗುವ ಪದಗಳು ಅವು. ಕಾಲಿಗೆ ತೊಡರುವುದು ಸುಮ್ನೆ ಸಾಧುವಾಗಿ ಕೂತಿರುವ ಹೆಡ್, ಡ್ರೈ, ಕರ್ವ್, ಡ್ಯೂಟಿ. ಡ್ಯೂಟಿ ಪಾಯಿಂಟ್ ಅಂದರೆ ಯಾರದೋ ಕರ್ತವ್ಯ ಅಲ್ಲ, ಪಂಪು ನಿಜವಾಗಿ ಓಡುವ ಹರಿವು ಮತ್ತು ಎತ್ತರದ ಜೋಡಿ. ಇದು ಮಾತಾಡುವವನಿಗೆ ಮಾತ್ರ ಗೊತ್ತು, ಹಾಗಾಗಿ ಪಟ್ಟಿಗೆ ಬರೆಯಬೇಕಾದವನೂ ಅವನೇ.

ಈಗ ನಮ್ಮ ಕಡೆಯ ಕಥೆ. ಮರುವರ್ಷ ಅದೇ ಪಿಪಿಟಿ ಹಿಡಿದು ಊರಿಗೆ ಹೋದೆ. ಈ ಸಲ ಕೇಳುವವರು ಪಂಪ್ ರಿಪೇರಿ ಮಾಡುವವರು, ಇಂಗ್ಲಿಷಿನಿಂದ ಕನ್ನಡಕ್ಕೆ ಒಬ್ಬರು ದುಭಾಷಿ. ಪಿಪಿಟಿ ಯಾವಾಗ ಕಳಿಸಲಿ ಅಂತ ಕೇಳಿದರೆ ವ್ಯವಸ್ಥಾಪಕರು, "ರಾತ್ರಿ ಕಳಿಸಿ ಸಾರ್, ಬೆಳಿಗ್ಗೆ ಒಂದ್ಸಲ ನೋಡ್ಕೋತಾರೆ" ಅಂದರು. ಪದಪಟ್ಟಿ? "ಅವರಿಗೆ ಎರಡೂ ಭಾಷೆ ಚೆನ್ನಾಗಿ ಬರುತ್ತೆ ಸಾರ್." ನಾನೂ ಸುಮ್ಮನಾದೆ. ರಾತ್ರಿ ಹನ್ನೊಂದಕ್ಕೆ ಕಳಿಸಿದೆ.

ಮರುದಿನ 6ನೇ ಸ್ಲೈಡಿಗೆ ಬಂದೆ. "ಈ ಪಂಪಿನ ತಲೆ 32 ಮೀಟರ್" ಅಂತ ಕನ್ನಡದಲ್ಲಿ ಕೇಳಿಸಿತು. ಸಭೆ ನಕ್ಕಿತು, ನಾನೂ ನಕ್ಕೆ. ತಪ್ಪು ಎಲ್ಲರಿಗೂ ಗೊತ್ತಾಯಿತಲ್ಲ, ಅದರಿಂದ ನಷ್ಟ ಏನಿಲ್ಲ. ನಷ್ಟ ಆಗಿದ್ದು ಯಾರೂ ನಗದ ಕಡೆ. 14ನೇ ಸ್ಲೈಡಿನಲ್ಲಿ ಒಂದೇ ಸಾಲು ಇತ್ತು:

```
NPSHa > NPSHr
```

ಕೊನೆಯ ಸಣ್ಣ ಅಕ್ಷರ ನೋಡಿ. `a` ಅಂದರೆ ಪಂಪಿನ ಬಾಯಿಯ ಹತ್ತಿರ ನಿಜವಾಗಿ ಇರುವ ಒತ್ತಡದ ಲೆಕ್ಕ. `r` ಅಂದರೆ ಪಂಪಿಗೆ ಬೇಕಾದದ್ದು. ಇರುವುದು ಬೇಕಾದದ್ದಕ್ಕಿಂತ ಜಾಸ್ತಿ ಇರಬೇಕು. ಕಡಿಮೆಯಾದರೆ ಇಂಪೆಲ್ಲರ್ ಹತ್ತಿರ ನೀರಿನಲ್ಲಿ ಆವಿಗುಳ್ಳೆ ಹುಟ್ಟಿ, ಒತ್ತಡ ಏರಿದ ಕಡೆ ಒಡೆದು, ಲೋಹವನ್ನು ಕಿತ್ತು ತಿನ್ನುತ್ತವೆ. ಇದನ್ನೇ ಕ್ಯಾವಿಟೇಷನ್ ಅನ್ನುವುದು. ನಾನು ಬಾಯಲ್ಲಿ ಅವಸರವಾಗಿ ಹೇಳಿದೆ. ಕನ್ನಡದಲ್ಲಿ ಬಂದದ್ದು "ಬೇಕಾದದ್ದು ಇರುವುದಕ್ಕಿಂತ ಜಾಸ್ತಿ ಇರಬೇಕು". ಪೂರ್ತಿ ಉಲ್ಟಾ. ಮುಂದಿನ ಸಾಲಿನಲ್ಲಿದ್ದವರು ಅದನ್ನೇ ಬರೆದುಕೊಂಡರು. ನಾನು ಕನ್ನಡಿಗನಾಗಿದ್ದಕ್ಕೆ ಕಿವಿಗೆ ಬಿತ್ತು, ತಿದ್ದಿದೆ. ಜರ್ಮನ್ ಆಗಿದ್ದರೆ ನನಗೇ ಗೊತ್ತಾಗುತ್ತಿರಲಿಲ್ಲ.

ತಪ್ಪು ಆ ಕನ್ನಡ ದುಭಾಷಿಯದಲ್ಲ. ಒಬ್ಬರೇ ಒಂದೂವರೆ ಗಂಟೆ ಮಾತಾಡಿದ್ದರು. ಇಲ್ಲಿ ಜರ್ಮನಿಯಲ್ಲಿ ಬೂತಿನೊಳಗೆ ಇಬ್ಬರು ಕೂರುತ್ತಾರೆ, 20–30 ನಿಮಿಷಕ್ಕೊಮ್ಮೆ ಮೈಕ್ ಬದಲಾಗುತ್ತದೆ. ಸುಮ್ಮನಿರುವವರು ಅಂಕಿ ಬರೆದು ಪಕ್ಕಕ್ಕೆ ಸರಿಸುತ್ತಾರೆ. ಜರ್ಮನ್‌ನಲ್ಲಿ 32 ಅನ್ನು "ಎರಡು ಮತ್ತು ಮೂವತ್ತು" ಅಂತಾರೆ, ಹಿಂದುಮುಂದು. ಹಾಗಾಗಿ ಅಂಕಿ ಬಂದರೆ ಇಬ್ಬರಿಗೂ ಮೈಯೆಲ್ಲ ಕಿವಿ.

ಅದಾದ ಮೇಲೆ ನಾನು ಪಟ್ಟಿ ಮಾಡುವ ರೀತಿ ಬದಲಾಯಿತು. ಮೊದಲು ಸ್ಲೈಡಿನ ಜೊತೆ ಅದರ ಕೆಳಗಿನ ಟಿಪ್ಪಣಿಯನ್ನೂ ಓದುತ್ತೇನೆ. ನಾನು ನಿಜವಾಗಿ ಆಡುವ ಮಾತು ಅಲ್ಲಿರುತ್ತದೆ. ಗ್ರಾಫು, ಚಿತ್ರದೊಳಗಿನ ಬರಹ ಕಾಪಿ ಮಾಡಿದರೆ ಬರುವುದಿಲ್ಲ, ಕಣ್ಣಿಟ್ಟು ನೋಡಿ ಟೈಪ್ ಮಾಡಬೇಕು. ಆಮೇಲೆ ಒಮ್ಮೆ ಜೋರಾಗಿ ಭಾಷಣ ಮಾಡಿ ನೋಡುತ್ತೇನೆ. ಸ್ಲೈಡಿನಲ್ಲಿ `NPSHa` ಇದ್ದರೂ ಬಾಯಲ್ಲಿ ನಾನು "ಅವೈಲಬಲ್" ಅಂತೀನೋ, "ಸೈಟ್ ಸೈಡ್" ಅಂತೀನೋ? ಅದೂ ಪಟ್ಟಿಗೆ ಬರಬೇಕು. ಒಂದು ಸಾಲು ಹೀಗಿರುತ್ತದೆ: ಸ್ಲೈಡ್ 14, `NPSHa`, ಬಾಯಲ್ಲಿ "ಅವೈಲಬಲ್", ಅರ್ಥ "ಜಾಗದಲ್ಲಿ ಇರುವುದು, ಇದು ದೊಡ್ಡದಿರಬೇಕು". ಆ ಕೊನೆಯ ಮಾತು ಯಾವ ನಿಘಂಟಿನಲ್ಲೂ ಸಿಗುವುದಿಲ್ಲ. ಆದರೆ ಕಿವಿ ತಪ್ಪಿದರೂ ದುಭಾಷಿಯನ್ನು ಉಳಿಸುವುದು ಅದೇ.

ಬೂತಿನೊಳಗೆ ಒಂದೇ ಹಾಳೆ, ಸ್ಲೈಡಿನ ಕ್ರಮದಲ್ಲಿ, ದೊಡ್ಡ ಅಕ್ಷರದಲ್ಲಿ. ಕೊನೆ ಗಳಿಗೆಯಲ್ಲಿ ಸ್ಲೈಡ್ ಬದಲಾಯಿಸಿದರೆ ಹೊಸ ಫೈಲ್ ಪೂರ್ತಿ ತಳ್ಳುವುದಿಲ್ಲ, ಬದಲಾದ ಸ್ಲೈಡುಗಳ ನಂಬರ್ ಮಾತ್ರ ಬರೆದು ಕಳಿಸುತ್ತೇನೆ. ಇಷ್ಟು ಮಾಡಲು ನಮ್ಮವರಿಗೆ ಏನು ಕಷ್ಟ ಅಂತ ಇಲ್ಲಿಂದ ಕೂತು ಬೈಯುವುದು ನನಗೆ ಅಭ್ಯಾಸವೇ ಆಗಿಬಿಟ್ಟಿತ್ತು.

ಆ ಬೈಗುಳ ಸ್ವಲ್ಪ ತಣ್ಣಗಾದದ್ದು ಎರಡನೇ ಸಲ ಊರಿಗೆ ಹೋದಾಗ. ಅದೇ ದುಭಾಷಿ. ಈ ಸಲ ಹತ್ತು ದಿನ ಮೊದಲೇ ಪಟ್ಟಿ ಕಳಿಸಿದ್ದೆ, ಕನ್ನಡ ಪದಗಳನ್ನೂ ನಾನೇ ಕಟ್ಟಿ. ಕ್ಯಾವಿಟೇಷನ್ ಎದುರಿಗೆ "ಗುಳ್ಳೆಸ್ಫೋಟ ಸವೆತ" ಅಂತ ಬರೆದು ಬೆನ್ನು ತಟ್ಟಿಕೊಂಡಿದ್ದೆ. ಅವರು ಫೋನ್ ಮಾಡಿದರು. "ಸಾರ್, ಇದನ್ನ ಹೇಳಿದ್ರೆ ಅರ್ಥ ಆಗೋದು ನಿಮಗೆ, ನನಗೆ ಅಷ್ಟೇ. ಅವರು ಏನಂತಾರೆ?" ನನಗೆ ಗೊತ್ತಿರಲಿಲ್ಲ. ಅವರು ಸಭೆಗೆ ಬರಲಿದ್ದ ಒಬ್ಬ ಮೆಕ್ಯಾನಿಕ್ಕಿಗೇ ಫೋನ್ ಹಚ್ಚಿ, ಪಂಪು ಗಾಳಿ ಎಳೆದಾಗ ಹೇಗೆ, ಹೀಗಾದಾಗ ಹೇಗೆ, ಎರಡರ ಸದ್ದಿಗೂ ವ್ಯತ್ಯಾಸ ಇದೆಯಾ ಅಂತ ಅರ್ಧ ಗಂಟೆ ಕೇಳಿದರು. ಸಭೆಯಲ್ಲಿ "ಒಳಗೆ ಜಲ್ಲಿ ಆಡಿಸಿದ ಹಾಗೆ ಸದ್ದು ಬರುತ್ತಲ್ಲ, ಅದೇ ಕ್ಯಾವಿಟೇಷನ್" ಅಂದರು. ತಲೆಗಳು ಆಡಿದವು. ಪದ ಇಂಗ್ಲಿಷಿನದೇ ಉಳಿಯಿತು, ಅರ್ಥ ಮಾತ್ರ ದಾಟಿತು.

ಹೌದು, ಒಪ್ಪಿಕೊಳ್ಳುತ್ತೇನೆ. ಇಲ್ಲಿ ಪದಗಳು ಆಗಲೇ ಮಾನದಂಡದ ಪುಸ್ತಕಗಳಲ್ಲಿ ಅಚ್ಚಾಗಿ ಕೂತಿವೆ, ಯಾರಿಗೂ ಫೋನ್ ಮಾಡುವ ಕೆಲಸ ಇಲ್ಲ. ನಮ್ಮ ಕಡೆ ಎಷ್ಟೋ ಪದ ಇನ್ನೂ ಕೆಲಸ ಮಾಡುವವರ ಬಾಯಲ್ಲೇ ಇವೆ.

ಈಗ ನನ್ನ ಪಟ್ಟಿಯಲ್ಲಿ ಇನ್ನೊಂದು ಕಾಲಂ ಇದೆ: ಕೇಳುವವರು ಏನಂತಾರೆ. ಹೋದ ತಿಂಗಳು ಇಲ್ಲಿನ ದುಭಾಷಿಗೆ ಅದನ್ನು ಖಾಲಿಯಾಗಿಯೇ ಕಳಿಸಿದ್ದೆ. ಇದೇನು ಅಂತ ಆಕೆ ಕೇಳಿದರು. ನಿಮಗೆ ಬೇಕಾಗಲ್ಲ ಅಂದೆ. ಎರಡು ದಿನ ಬಿಟ್ಟು ಫೈಲ್ ವಾಪಸ್ ಬಂತು. ಆರು ಸಾಲು ತುಂಬಿಸಿದ್ದರು.